ಪಂದ್ಯದ ದಿನ ಬೆಳಿಗ್ಗೆ ಏನು ತಿನ್ನಬೇಕು? ಹದಿಹರೆಯದ ಫುಟ್‌ಬಾಲ್ ಆಟಗಾರರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನವಳು. ಓದಿದ್ದು ಆಹಾರ ಮತ್ತು ಪೋಷಣೆ. ಮಗನಿಗೆ 15 ವರ್ಷ, ತೂಕ 52 ಕೆಜಿ, ಮಿಡ್‌ಫೀಲ್ಡ್‌ನಲ್ಲಿ ಆಡುತ್ತಾನೆ. ತಂಡದ ಹುಡುಗರ ಅಮ್ಮಂದಿರು, ಅಪ್ಪಂದಿರು ಮೈದಾನದ ಪಕ್ಕ ನಿಂತು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಎಲ್ಲ ಲೆಕ್ಕಕ್ಕೂ ಒಂದೇ ಪಂದ್ಯವನ್ನು ಇಟ್ಟುಕೊಂಡಿದ್ದೇನೆ: ಹಾಸನದಲ್ಲಿ ಬೆಳಿಗ್ಗೆ 10:30ಕ್ಕೆ ಶುರು, 35 ನಿಮಿಷದ ಎರಡು ಅವಧಿ, ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಬಸ್ಸಿನಲ್ಲಿ ಹೋಗಬೇಕು.

ಪಂದ್ಯಕ್ಕೆ ಎಷ್ಟು ಹೊತ್ತು ಮೊದಲು ಊಟ ಮುಗಿಸಬೇಕು?

ಮೂರು ಗಂಟೆ ಮೊದಲು. 10:30ರ ಪಂದ್ಯಕ್ಕೆ 7:15ಕ್ಕೆ ತಟ್ಟೆ ಮುಂದೆ ಕೂತು 7:30ಕ್ಕೆ ಎದ್ದರೆ ಸರಿಯಾಗುತ್ತದೆ. ಆಮೇಲೆ ಬಸ್ಸು ಹತ್ತಿದರೆ ಒಂದೂವರೆ ಗಂಟೆಯ ದಾರಿಯಲ್ಲೇ ಅರ್ಧ ಕೆಲಸ ಆಗಿರುತ್ತದೆ.

ಇಷ್ಟು ಹೊತ್ತು ಯಾಕೆ ಬೇಕು ಅಂದರೆ, ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ಹೋಗುತ್ತದೆ. ಹೊಟ್ಟೆಗೆ, ಕರುಳಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಇನ್ನೂ ಊಟ ಉಳಿದಿದ್ದರೆ ಅದು ಅಲ್ಲೇ ಕೂರುತ್ತದೆ. ಹುಳಿತೇಗು, ವಾಕರಿಕೆ, ಹೊಟ್ಟೆಯ ಪಕ್ಕದಲ್ಲಿ ಚುಚ್ಚುವ ನೋವು ಎಲ್ಲ ಅಲ್ಲಿಂದ ಶುರು.

ಹಾಗಂತ ಖಾಲಿ ಹೊಟ್ಟೆಯಲ್ಲಿ ಕಳಿಸಲೂ ಬಾರದು. ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಡುತ್ತದೆ. ರಾತ್ರಿ ಮಲಗಿದ್ದಾಗ ಸ್ನಾಯುವಿನ ದಾಸ್ತಾನು ಹಾಗೇ ಇರುತ್ತದೆ. ಯಕೃತ್ತಿನದು ಮಾತ್ರ ಬೆಳಗಾಗುವಷ್ಟರಲ್ಲಿ ಸಾಕಷ್ಟು ಇಳಿದಿರುತ್ತದೆ. ರಕ್ತದಲ್ಲಿ ಸಕ್ಕರೆ ಬೀಳದಂತೆ ಕಾಯುವುದು ಈ ಯಕೃತ್ತಿನ ದಾಸ್ತಾನೇ. ಬೆಳಗಿನ ಊಟ ತುಂಬಬೇಕಾದದ್ದು ಅದನ್ನು.

ಕಾರ್ಬೋಹೈಡ್ರೇಟ್ ಎಷ್ಟು ಬೇಕು?

ಪಂದ್ಯಕ್ಕೆ ಒಂದರಿಂದ ನಾಲ್ಕು ಗಂಟೆ ಮೊದಲು ಪ್ರತಿ ಕೆಜಿ ತೂಕಕ್ಕೆ 1ರಿಂದ 4 ಗ್ರಾಂ ಅಂತ ಕ್ರೀಡಾ ಪೋಷಣೆಯ ಪುಸ್ತಕಗಳು ಹೇಳುತ್ತವೆ. ಇದು ದೊಡ್ಡ ಅಂತರ. ನಾನು ಅದನ್ನು ಮನೆಯ ಭಾಷೆಗೆ ಹೀಗೆ ಇಳಿಸಿಕೊಂಡಿದ್ದೇನೆ: ಮೂರು ಗಂಟೆ ಇದ್ದರೆ ಕೆಜಿಗೆ 2 ಗ್ರಾಂ, ಒಂದು ಗಂಟೆ ಚಿಲ್ಲರೆ ಮಾತ್ರ ಇದ್ದರೆ ಕೆಜಿಗೆ 1 ಗ್ರಾಂ. ಮೂರು ಗಂಟೆಯಲ್ಲಿ ಕೆಜಿಗೆ 3 ಗ್ರಾಂ ಅರಗಿಸಿಕೊಳ್ಳುವ ಹುಡುಗರೂ ಇದ್ದಾರೆ. ಆದರೆ ಹೊಟ್ಟೆ ಭಾರ ಅನ್ನುವ ದೂರು ಅಲ್ಲಿಂದಲೇ ಬರುತ್ತದೆ, ಹಾಗಾಗಿ ನಾನು 2ರಲ್ಲೇ ನಿಲ್ಲಿಸುತ್ತೇನೆ.

52 ಕೆಜಿಗೆ 2ರಂತೆ 104 ಗ್ರಾಂ ಆಯಿತು. ಪ್ರೋಟೀನ್ 15ರಿಂದ 20 ಗ್ರಾಂ ಸಾಕು. ಕೊಬ್ಬು 10 ಗ್ರಾಂ ಒಳಗೇ ಇರಲಿ.

ಹಾಗಾದರೆ ತಟ್ಟೆಯಲ್ಲಿ ಏನಿರುತ್ತದೆ? ಲೆಕ್ಕ ತೋರಿಸಿ.

ಐದು ಇಡ್ಲಿ, ಒಂದು ಬಟ್ಟಲು ತೆಳ್ಳಗಿನ ಹೆಸರುಬೇಳೆ ತೊವ್ವೆ, ಎರಡು ಏಲಕ್ಕಿ ಬಾಳೆಹಣ್ಣು. ಇಷ್ಟೇ.

| ತಟ್ಟೆಯಲ್ಲಿ | ಕಾರ್ಬ್ (ಗ್ರಾಂ) | ಪ್ರೋಟೀನ್ (ಗ್ರಾಂ) | ಕೊಬ್ಬು (ಗ್ರಾಂ) |
|---|---|---|---|
| 5 ಇಡ್ಲಿ (75 ಗ್ರಾಂ ಅಕ್ಕಿ, 25 ಗ್ರಾಂ ಉದ್ದಿನಬೇಳೆ) | 71 | 12 | 1 |
| ತೊವ್ವೆ (20 ಗ್ರಾಂ ಹೆಸರುಬೇಳೆ) | 11 | 5 | 0 |
| ಒಗ್ಗರಣೆ ಎಣ್ಣೆ, 3 ಗ್ರಾಂ | 0 | 0 | 3 |
| 2 ಏಲಕ್ಕಿ ಬಾಳೆ (ಸಿಪ್ಪೆ ಬಿಟ್ಟು 100 ಗ್ರಾಂ) | 24 | 1 | 0 |
| ಒಟ್ಟು | 106 | 18 | 4 |

ಒಟ್ಟು ಸುಮಾರು 530 ಕಿಲೋಕ್ಯಾಲೊರಿ. ಕಾರ್ಬ್ ಕೆಜಿಗೆ 2 ಗ್ರಾಂ ಬಂತು, ಪ್ರೋಟೀನ್ 18 ಬಂತು. ತೂಕ ನೋಡಿಕೊಂಡು ಲೆಕ್ಕ ಹಾಕಿದ್ದು ಬಿಟ್ಟರೆ ಇದರಲ್ಲಿ ನಮ್ಮ ಅಜ್ಜಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ತೊವ್ವೆಯನ್ನು ಚೆನ್ನಾಗಿ ಬೇಯಿಸಿ, ಕಡೆಗೋಲಿನಲ್ಲಿ ಮಸೆದು, ಸೌಟಿನಿಂದ ಸುರಿದರೆ ಹರಿಯುವಷ್ಟು ತೆಳ್ಳಗೆ ಮಾಡಿ. ಅರಿಶಿನ, ಉಪ್ಪು, ಜೀರಿಗೆ, ಕರಿಬೇವು, ಚಿಟಿಕೆ ಇಂಗು. ಹಸಿಮೆಣಸಿನಕಾಯಿ ಒಂದನ್ನು ಸೀಳಿ ಹಾಕಿ, ಬಡಿಸುವಾಗ ತೆಗೆದುಬಿಡಿ. ಎಣ್ಣೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ.

ಒಂದು ಇಡ್ಲಿಯಲ್ಲಿ ಎಷ್ಟಿದೆ ಅಂತ ಮನೆಯಲ್ಲಿ ಹೇಗೆ ಕಂಡುಹಿಡಿಯುವುದು?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಯಾಕೆಂದರೆ ಒಬ್ಬರ ಮನೆಯ ಇಡ್ಲಿ ಇನ್ನೊಬ್ಬರ ಮನೆಯ ಇಡ್ಲಿಯಂತೆ ಇರುವುದಿಲ್ಲ. ಬೇರೆಯವರ ಪಟ್ಟಿ ನೋಡಿ "ಒಂದು ಇಡ್ಲಿಗೆ ಇಷ್ಟು" ಅಂತ ಬರೆದುಕೊಂಡರೆ ನಿಮ್ಮ ಲೆಕ್ಕ ತಪ್ಪುತ್ತದೆ.

ಬೆಂದ ಇಡ್ಲಿಯನ್ನು ತೂಗಬೇಡಿ. ಅದರಲ್ಲಿ ನೀರೇ ಜಾಸ್ತಿ. ನೆನೆಹಾಕುವ ಮೊದಲು ಒಣ ಅಕ್ಕಿಯನ್ನೂ ಉದ್ದಿನಬೇಳೆಯನ್ನೂ ಒಂದು ಸಲ ತೂಗಿ. ಆ ಹಿಟ್ಟಿನಲ್ಲಿ ಎಷ್ಟು ಇಡ್ಲಿ ಆಯಿತು ಅಂತ ಎಣಿಸಿ. ಭಾಗಿಸಿದರೆ ಮುಗಿಯಿತು. ನನ್ನಲ್ಲಿ 600 ಗ್ರಾಂ ಅಕ್ಕಿ, 200 ಗ್ರಾಂ ಉದ್ದಿನಬೇಳೆಗೆ 40 ಇಡ್ಲಿ ಬರುತ್ತವೆ. ಅಂದರೆ ಒಂದು ಇಡ್ಲಿಗೆ 15 ಗ್ರಾಂ ಅಕ್ಕಿ, 5 ಗ್ರಾಂ ಬೇಳೆ.

ಆಮೇಲೆ ಎರಡೇ ಸಂಖ್ಯೆ ನೆನಪಿಟ್ಟುಕೊಳ್ಳಿ. 100 ಗ್ರಾಂ ಒಣ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್, 8 ಗ್ರಾಂ ಪ್ರೋಟೀನ್. 100 ಗ್ರಾಂ ಬೇಳೆಯಲ್ಲಿ, ಉದ್ದಾಗಲಿ ಹೆಸರಾಗಲಿ ತೊಗರಿಯಾಗಲಿ, ಹೆಚ್ಚುಕಮ್ಮಿ 50ರಿಂದ 55 ಗ್ರಾಂ ಕಾರ್ಬ್, 22ರಿಂದ 24 ಗ್ರಾಂ ಪ್ರೋಟೀನ್. ನನ್ನ ಇಡ್ಲಿ ಒಂದಕ್ಕೆ 14 ಗ್ರಾಂ ಕಾರ್ಬ್ ಚಿಲ್ಲರೆ, ಪ್ರೋಟೀನ್ 2 ಗ್ರಾಂ ಚಿಲ್ಲರೆ ಬರುವುದು ಹೀಗೆ. ತಟ್ಟೆ ಇಡ್ಲಿ ಮಾಡುವವರು ಇದನ್ನೇ ಮಾಡಿ ನೋಡಿ, ಎರಡು ತಟ್ಟೆ ಇಡ್ಲಿಗೇ ಐದು ಇಡ್ಲಿಯ ಹತ್ತಿರ ಬಂದಿರುತ್ತದೆ.

ಒಂದು ಮಾತು ಹುಳಿ ಬರುವುದರ ಬಗ್ಗೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಹಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆಗೆ ಉಬ್ಬುವುದೇ ಇಲ್ಲ. ಉಬ್ಬದ ಹಿಟ್ಟಿನ ಇಡ್ಲಿ ಒತ್ತಾಗಿ, ಗಟ್ಟಿಯಾಗಿ ಇರುತ್ತದೆ, ಹೊಟ್ಟೆಯಲ್ಲೂ ಹಾಗೇ ಕೂರುತ್ತದೆ. ಶನಿವಾರದ ಪಂದ್ಯ ಅಂದರೆ ನಾನು ಶುಕ್ರವಾರ ಮಧ್ಯಾಹ್ನ ಎರಡಕ್ಕೇ ರುಬ್ಬಿ, ಬಚ್ಚಲ ಹಂಡೆಯ ಒಲೆ ಪಕ್ಕ ಪಾತ್ರೆ ಇಡುತ್ತೇನೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಿಟ್ಟಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಇರಬೇಕು. ಸೌಟು ಹಾಕಿದರೆ ನೊರೆ ಒಡೆದಂತೆ ಸದ್ದಾಗಬೇಕು. ಅದಿಲ್ಲದಿದ್ದರೆ ಆ ದಿನ ಇಡ್ಲಿ ಬಿಟ್ಟು ಕಡುಬು ಮಾಡುತ್ತೇನೆ.

18 ಗ್ರಾಂ ಪ್ರೋಟೀನ್ ಸಾಕಾ? ಮೊಟ್ಟೆ, ಪ್ರೋಟೀನ್ ಪುಡಿ ಬೇಡವಾ?

ಸಾಕು. ಪಂದ್ಯದ ಹೊತ್ತಿಗೆ ಕಾಲು ಓಡಿಸುವುದು ಮುಖ್ಯವಾಗಿ ಕಾರ್ಬ್. ಪ್ರೋಟೀನ್ ಸ್ನಾಯು ದುರಸ್ತಿಗೆ, ಬೆಳವಣಿಗೆಗೆ ಬೇಕು. ಅದು ಇಡೀ ದಿನದ ಲೆಕ್ಕ, ಬೆಳಗಿನ ಒಂದು ತಟ್ಟೆಯದಲ್ಲ. ಬೆಳಿಗ್ಗೆ ಅದನ್ನೇ ಜಾಸ್ತಿ ತುಂಬಿದರೆ ಕಾರ್ಬ್‌ಗೆ ಜಾಗ ಇರುವುದಿಲ್ಲ, ಹೊಟ್ಟೆ ಖಾಲಿಯಾಗುವುದೂ ನಿಧಾನವಾಗುತ್ತದೆ.

ಲೆಕ್ಕ ಮೊದಲ ಸಲ ಹಾಕಿದಾಗ ನನಗೇ ಆಶ್ಚರ್ಯ ಆಗಿತ್ತು. ಇಡ್ಲಿ ಅಂದರೆ ಬರೀ ಅಕ್ಕಿ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? 18ರಲ್ಲಿ 12 ಗ್ರಾಂ ಇಡ್ಲಿಯಿಂದಲೇ ಬಂದಿದೆ. ಜೊತೆಗೆ ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬೇಳೆಯಲ್ಲಿ ಚೆನ್ನಾಗಿದೆ. ಎರಡೂ ಸೇರಿದಾಗ ಆ ಪ್ರೋಟೀನ್ ಒಳ್ಳೆಯ ಗುಣಮಟ್ಟದ್ದಾಗುತ್ತದೆ.

ಮೊಟ್ಟೆ ಇಷ್ಟಪಡುವ ಹುಡುಗನಾದರೆ ಬೇಯಿಸಿದ ಒಂದು ಮೊಟ್ಟೆ ಕೊಡಿ, ತೊವ್ವೆ ಅರ್ಧ ಮಾಡಿ. ಪ್ರೋಟೀನ್ 6 ಗ್ರಾಂ, ಕೊಬ್ಬು 5 ಗ್ರಾಂ ಸೇರುತ್ತದೆ. ಮೂರು ಗಂಟೆ ಇದ್ದರೆ ಅದು ತೊಂದರೆ ಕೊಡುವುದಿಲ್ಲ. ಪುಡಿಯ ಡಬ್ಬ ಬೇಡ. ಅದಕ್ಕೆ ಕೊಡುವ ದುಡ್ಡಿಗೆ ತಿಂಗಳಿಡೀ ಬೇಳೆ, ಹಾಲು, ಮೊಟ್ಟೆ ಬರುತ್ತದೆ.

ಇಡ್ಲಿ ಜೊತೆ ಕಾಯಿ ಚಟ್ನಿ ಯಾಕಿಲ್ಲ? ಹೋಟೆಲ್ ತಿಂಡಿ ತಿಂದರೆ ಏನಾಗುತ್ತದೆ?

ಇಡ್ಲಿ ತಿಂದೂ ಹೊಟ್ಟೆ ಭಾರವಾಯಿತು ಅನ್ನುವವರು ಚಟ್ನಿ ಕಡೆ ನೋಡಬೇಕು. ಧಾರಾಳವಾಗಿ ಬಡಿಸಿದ ಒಂದು ಬಟ್ಟಲು ಚಟ್ನಿಯಲ್ಲಿ 30 ಗ್ರಾಂ ಹಸಿ ಕಾಯಿ ಸುಲಭವಾಗಿ ಇರುತ್ತದೆ. ಅದರಲ್ಲೇ ಕೊಬ್ಬು 10 ಗ್ರಾಂ ದಾಟುತ್ತದೆ. ಐದು ಇಡ್ಲಿಯಲ್ಲಿ ಇದ್ದದ್ದು 1 ಗ್ರಾಂ, ನೆನಪಿರಲಿ. ಕೊಬ್ಬು ಸಣ್ಣ ಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಹೊಟ್ಟೆಗೆ "ನಿಧಾನ ಮಾಡು" ಎಂಬ ಸೂಚನೆ ಹೋಗುತ್ತದೆ. ಹೊಟ್ಟೆಯ ಬಾಗಿಲು ಆಮೇಲೆ ಸಾವಕಾಶವಾಗಿ ತೆರೆಯುತ್ತದೆ. ಜೊತೆಗಿದ್ದ ಇಡ್ಲಿಯೂ ಕಾಯಬೇಕಾಗುತ್ತದೆ. ಬೇರೆ ದಿನ ಇದು ಒಳ್ಳೆಯದೇ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಪಂದ್ಯದ ದಿನ ಅಲ್ಲ.

ಇದನ್ನು ನಾನು ನೋಡಿ ಕಲಿತಿದ್ದೇನೆ. ಹೋದ ವರ್ಷ ಇದೇ ರೀತಿ ಹಾಸನಕ್ಕೆ ಹೊರಟಾಗ ಬೆಳಿಗ್ಗೆ ತಡವಾಯಿತು, ಮನೆಯಲ್ಲಿ ಯಾರೂ ತಿನ್ನಲಿಲ್ಲ. ದಾರಿಯಲ್ಲಿ ಒಂದು ಹೋಟೆಲ್ ಮುಂದೆ ಬಸ್ಸು ನಿಂತಿತು. ಗಂಟೆ ಒಂಬತ್ತು. ಹುಡುಗರು ಪೂರಿ ಸಾಗು ತಿಂದರು. ನನ್ನ ಮಗ ನಾಲ್ಕು ಪೂರಿ ತಿಂದ. ನಾನೂ ಪಕ್ಕದಲ್ಲೇ ಇದ್ದೆ, ಬೇಡ ಅನ್ನಲಿಲ್ಲ, ಹಸಿದಿದ್ದಾನೆ ಅಂತ ಸುಮ್ನೆ ಇದ್ದೆ. ನಾಲ್ಕು ಪೂರಿಯಲ್ಲಿ ಕಡಿಮೆ ಎಂದರೂ 20 ಗ್ರಾಂ ಕೊಬ್ಬು. 10:30ಕ್ಕೆ ಆಟ ಶುರು. ಹತ್ತು ನಿಮಿಷಕ್ಕೆ ಅವನು ಒಂದು ಕೈಯನ್ನು ಪಕ್ಕೆಗೆ ಒತ್ತಿಕೊಂಡು ಓಡುತ್ತಿದ್ದ. ಇಪ್ಪತ್ತನೇ ನಿಮಿಷಕ್ಕೆ ಗೆರೆಯ ಹೊರಗೆ ಬಂದು ವಾಂತಿ ಮಾಡಿದ. ತಿಂದ ಒಂದೂವರೆ ಗಂಟೆ ಮೇಲೆ ಆಗಿತ್ತು, ಆದರೂ ಪೂರಿಯ ಚೂರು ಹಾಗೇ ಇತ್ತು. ಅದು ಹೋಟೆಲ್‌ನ ತಪ್ಪಲ್ಲ, ಪೂರಿ ಚೆನ್ನಾಗಿಯೇ ಇತ್ತು. ಹೊತ್ತು ತಪ್ಪಾಗಿತ್ತು, ಎಣ್ಣೆ ಜಾಸ್ತಿಯಾಗಿತ್ತು.

ಹೋಟೆಲ್‌ನಲ್ಲೇ ತಿನ್ನಬೇಕಾದರೆ ಇಡ್ಲಿ ಹೇಳಿ, ಚಟ್ನಿ ಎರಡು ಚಮಚ ಮಾತ್ರ, ವಡೆ ಬೇಡ. ಸಾಂಬಾರ್ ಮೇಲೆ ತೇಲುವ ಎಣ್ಣೆಯನ್ನು ಪಕ್ಕಕ್ಕೆ ಸರಿಸಿ ಅದ್ದಿಕೊಂಡರೆ ಸಾಕು. ಮಸಾಲೆ ದೋಸೆಯನ್ನು ಪಂದ್ಯ ಮುಗಿದ ಮೇಲೆ ಕೊಡಿಸಿ.

ಮುದ್ದೆ ತಿಂದರೆ ಶಕ್ತಿ ಅಲ್ವಾ? ಅಕ್ಕಿ ರೊಟ್ಟಿ, ಕಡುಬು?

ರಾಗಿ ಒಳ್ಳೆಯ ಧಾನ್ಯ, ಬೆಳೆಯುವ ಹುಡುಗರಿಗೆ ಅದರ ಕ್ಯಾಲ್ಸಿಯಂ ಬೇಕು. ಆದರೆ ಅದರಲ್ಲಿ ನಾರು ಜಾಸ್ತಿ. ಅದು ನಿಧಾನವಾಗಿ ಅರಗುತ್ತದೆ ಅನ್ನುವುದಕ್ಕೇ ಹೊಲದಲ್ಲಿ ದುಡಿಯುವವರು ಅದನ್ನು ನೆಚ್ಚಿಕೊಂಡಿದ್ದು. ಮೂರು ಗಂಟೆಯಲ್ಲಿ ಹೊಟ್ಟೆ ಹಗುರಾಗಬೇಕಾದ ಬೆಳಿಗ್ಗೆ ಆ ಗುಣವೇ ತೊಡಕು. ಅಭ್ಯಾಸವಿಲ್ಲದ ದಿನಗಳಲ್ಲಿ, ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಮುದ್ದೆ ಕೊಡಿ.

ಅಕ್ಕಿ ರೊಟ್ಟಿಗೆ ಕಾಯಿ, ಈರುಳ್ಳಿ, ಎಣ್ಣೆ ಎಲ್ಲ ಬೀಳುತ್ತದೆ, ಹಾಗಾಗಿ ಬೇಡ. ಕಡುಬು ಮಾತ್ರ ಇಡ್ಲಿಗೆ ಒಳ್ಳೆಯ ಬದಲಿ. ಬರೀ ಅಕ್ಕಿತರಿ, ನೀರು, ಉಪ್ಪು, ಹಬೆಯಲ್ಲಿ ಬೆಂದದ್ದು. ಆದರೆ ಉದ್ದು ಇಲ್ಲದ್ದರಿಂದ ಪ್ರೋಟೀನ್ ಕಮ್ಮಿ. ಅದನ್ನು ತೊವ್ವೆಯಲ್ಲಿ ತುಂಬಬೇಕು. 90 ಗ್ರಾಂ ಅಕ್ಕಿತರಿಯ ಕಡುಬು, 40 ಗ್ರಾಂ ಹೆಸರುಬೇಳೆಯ ತೊವ್ವೆ, ಒಂದು ಏಲಕ್ಕಿ ಬಾಳೆ: ಕಾರ್ಬ್ 103, ಪ್ರೋಟೀನ್ 17 ಗ್ರಾಂ ಬರುತ್ತದೆ. ಒತ್ತು ಶಾವಿಗೆಗೂ ಇದೇ ಲೆಕ್ಕ, ಕಾಯಿಹಾಲು ಮಾತ್ರ ಬಿಡಿ.

ನನ್ನ ಮಗ 40 ಕೆಜಿ ಅಷ್ಟೇ. ಅವನಿಗೂ ಐದು ಇಡ್ಲಿನಾ?

ಬೇಡ. 40 ಕೆಜಿಗೆ 80 ಗ್ರಾಂ ಕಾರ್ಬ್ ಸಾಕು. ನಾಲ್ಕು ಇಡ್ಲಿ, ಒಂದು ಬಾಳೆಹಣ್ಣು, ಅದೇ ಬಟ್ಟಲು ತೊವ್ವೆ ಕೊಟ್ಟರೆ 79 ಬರುತ್ತದೆ, ಪ್ರೋಟೀನ್ 15. 60 ಕೆಜಿಯ ಡಿಫೆಂಡರ್‌ಗೆ ಆರು ಇಡ್ಲಿ, ಎರಡು ಬಾಳೆ, ತೊವ್ವೆ ಕೊಟ್ಟರೆ ಸರಿಯಾಗಿ 120. ಹುಡುಗಿಯರಿಗೂ ಇದೇ ಲೆಕ್ಕ, ತೂಕ ನೋಡಿ ಹಾಕಿ.

ಪಂದ್ಯ ಬೆಳಿಗ್ಗೆ 8ಕ್ಕೇ ಇದ್ದರೆ?

ಐದು ಗಂಟೆಗೆ ಎಬ್ಬಿಸಿ ತಿನ್ನಿಸಬೇಡಿ. ನಿದ್ದೆಯೂ ಕೆಡುತ್ತದೆ, ಊಟವೂ ಸೇರುವುದಿಲ್ಲ. ಆ ದಿನದ ದೊಡ್ಡ ಊಟ ಹಿಂದಿನ ರಾತ್ರಿಯೇ ಆಗಬೇಕು. ಎಂಟು ಗಂಟೆಯೊಳಗೆ ಅನ್ನ, ತೊವ್ವೆ, ಮೊಸರು, ದಿನಕ್ಕಿಂತ ಒಂದು ಸೌಟು ಅನ್ನ ಜಾಸ್ತಿ. ಆ ರಾತ್ರಿ ಅವರೆಕಾಳು, ಹುರುಳಿಕಾಳು, ಕಡಲೆ ಸಾರು ಬೇಡ. ಅವುಗಳಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಅರಗುವುದಿಲ್ಲ. ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ, ವಾಯು ತುಂಬುತ್ತದೆ. ಸೊಗಡಿನ ಅವರೆ ಬಂದ ಕಾಲದಲ್ಲಿ ಇದನ್ನು ಹೇಳಿದರೆ ಮನೆಯಲ್ಲಿ ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಒಂದು ರಾತ್ರಿ ತಡೆದುಕೊಳ್ಳಬೇಕು.

ಬೆಳಿಗ್ಗೆ 6:30ಕ್ಕೆ ಎರಡು ಇಡ್ಲಿ, ಒಂದು ಬಾಳೆಹಣ್ಣು, ಇಡ್ಲಿಗೆ ಹಚ್ಚಿಕೊಳ್ಳಲು 10 ಗ್ರಾಂ ಬೆಲ್ಲ ಕರಗಿಸಿದ ಪಾಕ. ಕಾರ್ಬ್ ಸುಮಾರು 50, ಪ್ರೋಟೀನ್ 5, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ತುಪ್ಪ ಬೇಡ, ತೊವ್ವೆಯೂ ಬೇಡ.

ಮಧ್ಯಾಹ್ನ 3ಕ್ಕೆ ಇದ್ದರೆ?

ಬೆಳಿಗ್ಗೆ ಎಂದಿನ ತಿಂಡಿ, 11:45ಕ್ಕೆ ಊಟ. 100 ಗ್ರಾಂ ಅಕ್ಕಿಯ ಅನ್ನ, 25 ಗ್ರಾಂ ತೊಗರಿಬೇಳೆಯ ತಿಳಿಸಾರು (ಬೇಳೆ ಕಟ್ಟಷ್ಟೇ ಅಲ್ಲ, ಬೇಳೆಯೂ ಸೇರಿ), 100 ಗ್ರಾಂ ಮೊಸರು, ಒಂದು ಬಾಳೆಹಣ್ಣು. ಕಾರ್ಬ್ 108, ಪ್ರೋಟೀನ್ 17, ಒಗ್ಗರಣೆ ಸೇರಿ ಕೊಬ್ಬು 7 ಗ್ರಾಂ. ಹಪ್ಪಳ, ಉಪ್ಪಿನಕಾಯಿ ಬಿಡಿ. ಸಾರಿಗೆ ಖಾರ ಅರ್ಧ ಹಾಕಿ.

ಪಂದ್ಯದ ದಿನ ಹೆದರಿಕೆಗೆ ಏನೂ ಸೇರುವುದಿಲ್ಲ ಅನ್ನುತ್ತಾನೆ. ಬಲವಂತ ಮಾಡಬೇಕಾ?

ಬಲವಂತ ಮಾಡಬೇಡಿ. ಅಗಿಯಲು ಆಗದವನಿಗೆ ಕುಡಿಯಲು ಆಗುತ್ತದೆ. 250 ಮಿಲಿ ಟೋನ್ಡ್ ಹಾಲು, ಎರಡು ಏಲಕ್ಕಿ ಬಾಳೆ, ಎರಡು ಟೀ ಚಮಚ ಸಕ್ಕರೆ ಮಿಕ್ಸಿಯಲ್ಲಿ ಆಡಿಸಿ. ಕಾರ್ಬ್ 46, ಪ್ರೋಟೀನ್ 9, ಕೊಬ್ಬು 8 ಗ್ರಾಂ. ಅದನ್ನು ಒಂದೇ ಗುಟುಕಿಗೆ ಅಲ್ಲ, ಇಪ್ಪತ್ತು ನಿಮಿಷ ಹಿಡಿದು ಕುಡಿಯಲಿ. ಬಸ್ಸಿನಲ್ಲಿ ಮನಸ್ಸು ಹಗುರಾದ ಮೇಲೆ ಇನ್ನೊಂದು ಬಾಳೆಹಣ್ಣೋ, ಜಾಮ್ ಸವರಿದ ಎರಡು ತುಂಡು ಬ್ರೆಡ್ಡೋ ತಿನ್ನಲಿ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವ ಮಕ್ಕಳಿಗೆ ಹಾಲಿನ ಬದಲು ನೀರಾಗಿ ಮಾಡಿದ ಅನ್ನದ ಗಂಜಿ, ಉಪ್ಪು, ಬೆಲ್ಲ.

ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯಿಂದ ತಿರುವಿನ ದಾರಿಯಲ್ಲಿ ಬರುವ ಮಕ್ಕಳಲ್ಲಿ ಬಸ್ಸಿಗೆ ವಾಂತಿಯಾಗುವವರು ಇದ್ದಾರೆ. ಅವರಿಗೆ ಹೊರಡುವ ಮೊದಲು ಎರಡು ಇಡ್ಲಿ ಕೊಟ್ಟು, ಉಳಿದದ್ದನ್ನು ಡಬ್ಬಿಯಲ್ಲಿ ಕಟ್ಟಿಕೊಡಿ. ಇಳಿದ ಮೇಲೆ ಉಳಿದಿರುವ ಹೊತ್ತು ನೋಡಿ ತಿನ್ನಲಿ. ಎರಡು ಗಂಟೆ ಇದ್ದರೆ ಎರಡು ಇಡ್ಲಿ, ಒಂದೇ ಗಂಟೆ ಇದ್ದರೆ ಬಾಳೆಹಣ್ಣು ಮಾತ್ರ.

ನೀರು ಎಷ್ಟು? ಕಾಫಿ ಕುಡಿಯಬಹುದಾ?

ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಕೆಜಿಗೆ 5ರಿಂದ 7 ಮಿಲಿ. 52 ಕೆಜಿಗೆ 260ರಿಂದ 360 ಮಿಲಿ, ಅಂದರೆ ಒಂದೂವರೆ ಲೋಟ. ತಂಪಿನ ಊರಿನವರಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಹಾಗಾಗಿ ಮಕ್ಕಳು ಬೆಳಿಗ್ಗೆ ಕುಡಿಯುವುದನ್ನೇ ಮರೆಯುತ್ತಾರೆ. ಮೈದಾನಕ್ಕೆ ಬಂದ ಮೇಲೆ ಮೂತ್ರ ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ಇನ್ನೊಂದು ಲೋಟ ನಿಧಾನವಾಗಿ ಕುಡಿಯಲಿ.

ಕಾಫಿ ತೋಟದ ಊರಿನಲ್ಲಿ ಕಾಫಿ ಬೇಡ ಅನ್ನುವುದು ಕಷ್ಟ. ದಿನಾ ಬೆಳಿಗ್ಗೆ ಅರ್ಧ ಲೋಟ ಕುಡಿಯುವ ಅಭ್ಯಾಸ ಇದ್ದರೆ ತಿಂಡಿ ಜೊತೆ ಅಷ್ಟೇ ಕುಡಿಯಲಿ. ಅಭ್ಯಾಸ ಇಲ್ಲದವನಿಗೆ "ಚುರುಕಾಗುತ್ತೀಯ" ಅಂತ ಪಂದ್ಯದ ದಿನ ಕೊಡಬೇಡಿ. ಎದೆ ಡವಡವ ಅನ್ನುವುದು, ಶೌಚಕ್ಕೆ ಓಡುವುದು, ಎರಡೂ ಆಗಬಹುದು. ಎನರ್ಜಿ ಡ್ರಿಂಕ್ ಕ್ಯಾನ್ ಈ ವಯಸ್ಸಿನವರಿಗೆ ಬೇಡವೇ ಬೇಡ.

ವಾರ್ಮ್‌ಅಪ್ ಹೊತ್ತಿಗೆ, ಹಾಫ್ ಟೈಮ್‌ನಲ್ಲಿ ಏನು ಕೊಡಬೇಕು? ಗ್ಲೂಕೋಸ್ ಪುಡಿ?

9:30ಕ್ಕೆ ಹಸಿವು ಅಂದರೆ ಒಂದು ಏಲಕ್ಕಿ ಬಾಳೆ, ಚೆನ್ನಾಗಿ ಹಣ್ಣಾದದ್ದು. ಸಿಪ್ಪೆಯ ಮೇಲೆ ಕಂದು ಚುಕ್ಕಿ ಬಂದಿದ್ದರೆ ಒಳಗಿನ ಪಿಷ್ಟ ಸಕ್ಕರೆಯಾಗಿದೆ ಅಂತ ಅರ್ಥ, ಬೇಗ ಅರಗುತ್ತದೆ. ಹಸಿವಿಲ್ಲದಿದ್ದರೆ ಬೇಡ.

ಗ್ಲೂಕೋಸ್ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕುವುದು ನಮ್ಮ ಮೈದಾನಗಳಲ್ಲಿ ಹಳೆಯ ಅಭ್ಯಾಸ. ಒಣ ಪುಡಿ ಹೊಟ್ಟೆಗೆ ಹೋದರೆ ಕರುಳು ಅದನ್ನು ತೆಳ್ಳಗೆ ಮಾಡಲು ಮೈಯಿಂದಲೇ ನೀರು ಎಳೆದುಕೊಳ್ಳುತ್ತದೆ. ಬಾಯಾರಿಕೆ ಹೆಚ್ಚುತ್ತದೆ, ಕೆಲವರಿಗೆ ಹೊಟ್ಟೆ ಹಿಡಿಯುತ್ತದೆ. ಸರಿಯಾಗಿ ತಿಂದು ಬಂದವನಿಗೆ 70 ನಿಮಿಷದ ಆಟಕ್ಕೆ ಅದು ಬೇಕಿಲ್ಲ. ಹಾಫ್ ಟೈಮ್‌ನಲ್ಲಿ ಅರ್ಧ ಲೋಟದಿಂದ ಒಂದು ಲೋಟ ನೀರು, ಅರ್ಧ ಬಾಳೆಹಣ್ಣು ಸಾಕು. ತೋಟದ ಕಿತ್ತಳೆ ತೊಳೆ ಎರಡು ಮೂರು ತಿಂದರೂ ಆಗುತ್ತದೆ, ಹುಳಿತೇಗು ಬರುವವರಿಗೆ ಮಾತ್ರ ಬೇಡ.

ನಮ್ಮ ಹುಡುಗನಿಗೆ ಈ ಊಟ ಹೊಂದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಪಂದ್ಯದ ದಿನವೇ ಮೊದಲ ಸಲ ತಿನ್ನಿಸಬೇಡಿ. ಜೋರು ಅಭ್ಯಾಸ ಇರುವ ಮೂರು ಭಾನುವಾರ ಇದೇ ತಟ್ಟೆ, ಇದೇ ಹೊತ್ತಿಗೆ ಕೊಟ್ಟು ನೋಡಿ. ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ನಮ್ಮ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: "7:20, 5 ಇಡ್ಲಿ, ತೊವ್ವೆ, 2 ಬಾಳೆ. 20ನೇ ನಿಮಿಷ ಹೊಟ್ಟೆ ಹಗುರ. 60ನೇ ನಿಮಿಷ ಕಾಲು ಸರಿ. 9:45ಕ್ಕೆ ಸ್ವಲ್ಪ ಹಸಿವು."

ಎರಡು ಹೊತ್ತಿನ ಮೇಲೆ ಕಣ್ಣಿಡಿ. ಮೊದಲ ಇಪ್ಪತ್ತು ನಿಮಿಷದಲ್ಲಿ ತೇಗು, ಭಾರ, ಪಕ್ಕೆ ನೋವು ಬಂದರೆ ಊಟ ತಡವಾಗಿದೆ ಅಥವಾ ಕೊಬ್ಬು ಜಾಸ್ತಿಯಾಗಿದೆ. ಮೊದಲು ಚಟ್ನಿ, ಎಣ್ಣೆ ನೋಡಿ, ಆಮೇಲೆ ಊಟವನ್ನು ಅರ್ಧ ಗಂಟೆ ಹಿಂದಕ್ಕೆ ತನ್ನಿ, ಕೊನೆಗೆ ಒಂದು ಇಡ್ಲಿ ಕಡಿಮೆ ಮಾಡಿ. ಎಲ್ಲವನ್ನೂ ಒಂದೇ ವಾರ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಹೊಟ್ಟೆ ಸರಿಯಿದ್ದು ಕೊನೆಯ ಹದಿನೈದು ನಿಮಿಷ ಕಾಲು ಎಳೆದಂತೆ ಆದರೆ, ಚೆಂಡು ಬಂದರೂ ಓಡದೆ ನಿಂತರೆ, ಕಾರ್ಬ್ ಕಡಿಮೆ. ಒಂದು ಇಡ್ಲಿ ಸೇರಿಸಿ, ಹಿಂದಿನ ರಾತ್ರಿಯ ಅನ್ನವನ್ನೂ ನೋಡಿ. ಕೊನೆಯಲ್ಲಿ ಸುಸ್ತಾಗಲು ಅಭ್ಯಾಸ ಸಾಲದಿರುವುದು, ನಿದ್ದೆ ಸಾಲದಿರುವುದೂ ಕಾರಣ ಇರಬಹುದು. ಅದನ್ನು ಇಡ್ಲಿಯಲ್ಲಿ ಸರಿಮಾಡಲು ಆಗುವುದಿಲ್ಲ.

ಪೂರಿಯ ಆ ಪಂದ್ಯದ ನಂತರ ನನ್ನ ಮಗನಿಗೆ ಸರಿಯಾದ ಅಳತೆ ಸಿಗಲು ನಾಲ್ಕು ವಾರ ಹಿಡಿಯಿತು. ಮೊದಲು ಆರು ಇಡ್ಲಿ ಕೊಟ್ಟಿದ್ದೆ, ಭಾರ ಅಂದ. ನಾಲ್ಕಕ್ಕೆ ಇಳಿಸಿದೆ, ವಾರ್ಮ್‌ಅಪ್‌ನಲ್ಲೇ ಹಸಿವು ಅಂದ. ಐದು ಇಡ್ಲಿ, ಎರಡು ಬಾಳೆಗೆ ಬಂದು ನಿಂತೆವು.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಊಟ, ಹೊತ್ತು ಎಲ್ಲ ಸರಿಮಾಡಿದ ಮೇಲೂ ಪ್ರತಿ ಪಂದ್ಯದಲ್ಲಿ ವಾಂತಿಯಾದರೆ, ತೂಕ ಇಳಿಯುತ್ತಾ ಹೋದರೆ, ಬೇಗ ಬೇಗ ಸುಸ್ತಾಗಿ ಮುಖ ಬಿಳಿಚಿಕೊಂಡರೆ ತೋರಿಸಿ. ರಕ್ತ ಕಡಿಮೆ ಇರುವುದು ಈ ವಯಸ್ಸಿನಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಅಪರೂಪವಲ್ಲ. ಓಡುವಾಗ ಎದೆ ನೋವು ಬಂದರೆ ಅಥವಾ ಕಣ್ಣು ಕತ್ತಲೆ ಬಂದು ಬಿದ್ದರೆ ಕಾಯಬೇಡಿ, ಅಂದೇ ಆಟ ನಿಲ್ಲಿಸಿ ತೋರಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿಗೆ ಮೇಲಿನ ಅಳತೆ ಹೊಂದುವುದಿಲ್ಲ. ಅವರ ಇಡ್ಲಿಯ ಲೆಕ್ಕವನ್ನೂ ಇನ್ಸುಲಿನ್ ಲೆಕ್ಕವನ್ನೂ ಅವರನ್ನು ನೋಡುವ ಡಾಕ್ಟರೇ ಒಟ್ಟಿಗೆ ಕೂರಿಸಿ ಹೇಳಬೇಕು. ಹೋಗುವಾಗ ಒಣ ಅಕ್ಕಿ, ಬೇಳೆ ತೂಗಿ ಬರೆದ ನಿಮ್ಮ ಪುಸ್ತಕವನ್ನು ಜೊತೆಗೆ ತೆಗೆದುಕೊಂಡು ಹೋಗಿ.